‘ಹೆಬ್ಬೆಟ್ಟು ಯಾಕೆ ಬೇಕು?’: ಮುಳುಗಡೆ ಊರಿನ ಹಿರಿಯರಿಗೆ ಬರೆದ ಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶರಾವತಿ ಹಿನ್ನೀರು ಬಂದಾಗ ಮನೆ ಬಿಟ್ಟು ಎದ್ದ ಕುಟುಂಬಗಳ ಹಿರಿಯರಿಗೆ ನಾನು ಒಂದು ಪತ್ರ ಕಳಿಸುತ್ತಿದ್ದೇನೆ. ಅವರ ಬದುಕಿನ ಕತೆಯನ್ನು ಅವರ ಬಾಯಲ್ಲೇ ರೆಕಾರ್ಡ್ ಮಾಡಿ, ದಾಖಲಾಗಾರದಲ್ಲಿ ಇಡಲು ಒಪ್ಪಿಗೆ ಕೇಳುವ ಪತ್ರ ಅದು. ಪತ್ರ ಮುಟ್ಟಿದ ಮನೆಗಳಿಂದ ಫೋನು ಬರುತ್ತಲೇ ಇವೆ. ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳು ಮಾಡುತ್ತಾರೆ. ಹಿಂದೆ ಅಜ್ಜನೋ ಅಜ್ಜಿಯೋ ‘ಇದನ್ನೂ ಕೇಳು’ ಅನ್ನುವುದು ಕೇಳಿಸುತ್ತದೆ. ಆ ಪ್ರಶ್ನೆಗಳೇ ಇಲ್ಲಿವೆ.

ಪತ್ರದಲ್ಲಿ ಇರುವುದೇನು? ಓದಿ ಹೇಳುವವರು ಯಾರೂ ಮನೆಯಲ್ಲಿಲ್ಲ.

ಪತ್ರ ಒಂದೇ ಹಾಳೆ, ಅಕ್ಷರ ದಪ್ಪ. ಮುಖ್ಯ ಭಾಗ ಇಷ್ಟು:

“ಅಮ್ಮಾ/ಅಜ್ಜಾ, ನೀವು ಹುಟ್ಟಿ ಬೆಳೆದ ಊರು, ಅಲ್ಲಿಂದ ಎದ್ದು ಬಂದ ದಿನ, ಇಲ್ಲಿ ಮತ್ತೆ ಮನೆ ಕಟ್ಟಿಕೊಂಡದ್ದು, ಇದನ್ನೆಲ್ಲ ನಿಮ್ಮಿಂದ ಕೇಳಿ ರೆಕಾರ್ಡ್ ಮಾಡಿಕೊಳ್ಳಬೇಕು ಅಂತಿದ್ದೇನೆ. ನಿಮಗೆ ಬೇಡವಾದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ನಡುವೆ ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ. ರೆಕಾರ್ಡ್ ಆದದ್ದನ್ನು ಮೊದಲು ನಿಮಗೇ ಕೇಳಿಸುತ್ತೇನೆ. ನೀವು ಕೇಳಿ ಸರಿ ಅಂದ ಮೇಲೇ ಬೇರೆಯವರಿಗೆ ಸಿಗುವ ಕಡೆ ಇಡುತ್ತೇನೆ. ಇದರಿಂದ ನಿಮಗೆ ಪರಿಹಾರ, ಪಿಂಚಣಿ, ಹಕ್ಕುಪತ್ರ ಯಾವುದೂ ಸಿಗುವುದಿಲ್ಲ. ನಾನು ಸರ್ಕಾರದವನಲ್ಲ.”

ಕೊನೆಯ ಎರಡು ವಾಕ್ಯ ಮೊದಲ ಪ್ರತಿಯಲ್ಲಿ ಇರಲಿಲ್ಲ. ಒಂದು ಮನೆಗೆ ಹೋದಾಗ ಅಜ್ಜ ಜಗಲಿ ಮೇಲೆ ಟ್ರಂಕು ತೆಗೆದಿಟ್ಟುಕೊಂಡು ಕಾಯುತ್ತಿದ್ದರು. ಅದರ ತುಂಬ ಅರ್ಜಿಗಳ ನಕಲು. ನಾನು ಸರ್ವೆಯವನು ಅಂದುಕೊಂಡಿದ್ದರು. ಆವತ್ತು ರಾತ್ರಿಯೇ ಪತ್ರ ತಿದ್ದಿದೆ.

ನನ್ನ ಹತ್ತಿರ ಅಂಥ ಕತೆ ಏನಿದೆ? ಎಲ್ಲ ಸರ್ಕಾರದ ಕಡತದಲ್ಲಿ ಇರುತ್ತದಲ್ವಾ?

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ತುಂಬಿದಾಗ ನೀರಿನ ಮಟ್ಟ 1819 ಅಡಿ. ಇದು ಕಡತದಲ್ಲಿದೆ. ಎಷ್ಟು ಎಕರೆ ಹೋಯಿತು ಅನ್ನುವುದೂ ಇದೆ. ಆದರೆ ನೀವು ಬಾಗಿಲುವಾಡ ಕಿತ್ತು ತಂದಿರಾ, ಹಾಗೇ ಬಿಟ್ಟು ಬಂದಿರಾ? ದನಗಳನ್ನು ಹೊಡೆದುಕೊಂಡು ನಡೆದಿರಾ, ಲಾರಿಯಲ್ಲಿ ಬಂದಿರಾ? ಊರ ದೇವರ ಕಲ್ಲನ್ನು ಎತ್ತಿದವರು ಯಾರು? ಇದು ಯಾವ ಕಡತದಲ್ಲೂ ಇಲ್ಲ.

ಎರಡು ಸಲ ಎದ್ದವರೂ ಇದ್ದಾರೆ. ಲಿಂಗನಮಕ್ಕಿಗಿಂತ ಮೊದಲೇ, 1940ರ ದಶಕದಲ್ಲಿ, ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಜನ ಮಡೆನೂರು ಡ್ಯಾಂ ಅನ್ನುತ್ತಾರೆ. ಆಮೇಲೆ ಆ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ತಲೆ ತೋರಿಸುತ್ತದೆ. 1964ರಲ್ಲಿ ಹತ್ತು ವರ್ಷದ ಮಗುವಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮೊದಲ ಮುಳುಗಡೆ ನೆನಪಿರುವವರು ಕೈಬೆರಳೆಣಿಕೆ.

ಮಾತಾಡಲು ಹೆಬ್ಬೆಟ್ಟು ಯಾಕೆ ಬೇಕು? ಹೆಬ್ಬೆಟ್ಟು ಒತ್ತಿಯೇ ನಾವು ಕಳಕೊಂಡಿದ್ದು.

ಈ ಮಾತನ್ನು ಮೊದಲ ವಾರದಲ್ಲೇ ಮೂರು ಮನೆಯಲ್ಲಿ ಕೇಳಿದೆ. ತಪ್ಪು ನನ್ನದೇ. ಮೊದಲ ಪತ್ರದ ಕೆಳಗೆ ಹೊರದೇಶದ ಒಂದು ನಮೂನೆಯಿಂದ ಎತ್ತಿದ ಸಾಲು ಇತ್ತು: ‘ಈ ಧ್ವನಿಮುದ್ರಣದ ಎಲ್ಲ ಹಕ್ಕುಗಳನ್ನು ವರ್ಗಾಯಿಸಿರುತ್ತೇನೆ.’ ನನಗೆ ಅದು ಬರೀ ಒಂದು ಕಾನೂನಿನ ವಾಕ್ಯ. ಗೇಣಿ ಚೀಟಿ ನೋಡಿದವರಿಗೆ, ಪರಿಹಾರದ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದವರಿಗೆ ‘ಹಕ್ಕು ವರ್ಗಾವಣೆ’ ಅಂದರೆ ಜಮೀನು ಹೋಯಿತು ಅಂತಲೇ ಅರ್ಥ. ಒಬ್ಬರೂ ಒತ್ತಲಿಲ್ಲ. ಸರಿಯಾಗಿಯೇ ಮಾಡಿದರು.

ಈಗ ಆ ಸಾಲು ಇಲ್ಲ. ಬದಲಿಗೆ, ‘ಈ ಮಾತು ನನ್ನದು. ಇದನ್ನು ಜೋಪಾನವಾಗಿ ಇಟ್ಟುಕೊಳ್ಳಲು, ನಾನು ಹೇಳಿದ ರೀತಿಯಲ್ಲಿ ಬೇರೆಯವರಿಗೆ ಕೇಳಿಸಲು ಒಪ್ಪಿದ್ದೇನೆ’ ಅಂತಿದೆ. ಇದಕ್ಕೂ ಸಹಿ, ಹೆಬ್ಬೆಟ್ಟು ಕಡ್ಡಾಯವಲ್ಲ. ರೆಕಾರ್ಡರ್ ಶುರುವಾದ ಮೇಲೆ ನಾನು ಪತ್ರವನ್ನು ಪೂರ್ತಿ ಓದುತ್ತೇನೆ. ನೀವು ನಿಮ್ಮ ಮಾತಿನಲ್ಲಿ ‘ಆಗಲಿ’ ಅಥವಾ ‘ಇಷ್ಟು ಆಗಲಿ, ಇಷ್ಟು ಬೇಡ’ ಅಂತ ಹೇಳಿದರೆ ಸಾಕು, ಅದೇ ಒಪ್ಪಿಗೆ. ಸಾಕ್ಷಿಗೆ ನೀವು ನಂಬುವ ಒಬ್ಬರು ಕೂತಿರಲಿ. ಆ ಸಾಕ್ಷಿಯನ್ನು ಕರೆಯುವವರು ನೀವು, ನಾನಲ್ಲ.

ಒಪ್ಪಿಗೆ ಎರಡು ಸಲ ಕೇಳುತ್ತೇನೆ. ಮಾತಾಡುವ ಮೊದಲು ಕೇಳುವುದು ಮಾತಾಡಲು ಮಾತ್ರ. ಏನು ಹೇಳುತ್ತೀರಿ ಅಂತ ಆಗ ನಿಮಗೂ ಗೊತ್ತಿರುವುದಿಲ್ಲ. ಆಡಿದ್ದನ್ನು ಕೇಳಿಸಿಕೊಂಡ ಮೇಲೆ ಕೇಳುವುದು ಅದನ್ನು ದಾಖಲಾಗಾರದಲ್ಲಿ ಇಡಲು.

ಯಾವಾಗ ಬರುತ್ತೀರಿ? ಎಷ್ಟು ಹೊತ್ತು?

ಮಳೆಗಾಲದಲ್ಲಿ ಬರುವುದಿಲ್ಲ. ತಗಡಿನ ಮಾಡಿನ ಮೇಲೆ ಜಡಿಮಳೆ ಬಿದ್ದರೆ ಮೈಕಿಗೆ ಬೇರೇನೂ ಕೇಳಿಸದು. ಅಡಕೆ ಕೊಯ್ಲಿನ ದಿನವೂ ಬೇಡ, ನಿಮಗೆ ಪುರುಸೊತ್ತಿರಲ್ಲ, ಸುಲಿಯುವ ಯಂತ್ರದ ಸದ್ದೂ ಜಾಸ್ತಿ. ಒಂದು ಸಲಕ್ಕೆ ಒಂದರಿಂದ ಒಂದೂವರೆ ಗಂಟೆ, ಅಷ್ಟೇ. ಆಮೇಲೆ ಧ್ವನಿ ಸೋಲುತ್ತದೆ. ಹೆಚ್ಚಿನವರ ಹತ್ತಿರ ಎರಡು ಮೂರು ಸಲ ಕೂರುತ್ತೇನೆ. ಫ್ಯಾನು ಆರಿಸಬೇಕಾಗುತ್ತದೆ, ಅಷ್ಟು ಕಷ್ಟ ಕೊಡುತ್ತೇನೆ.

ನಾವು ಇಲ್ಲಿಗೆ ಬಂದ ವರ್ಷ ಹೇಳಿದರೆ ಜಮೀನಿಗೆ ತೊಂದರೆ ಆಗುತ್ತದಾ?

ಆಗಬಹುದು. ಈ ಪ್ರಶ್ನೆ ಕೇಳಿದವರು ಕಮ್ಮಿ, ಆದರೆ ಎಲ್ಲರೂ ಕೇಳಬೇಕಾದದ್ದು ಇದೇ.

ಮುಳುಗಡೆಯಿಂದ ಬಂದ ಎಷ್ಟೋ ಮನೆಗಳ ಜಮೀನು ಇವತ್ತಿಗೂ ಕಾಗದದಲ್ಲಿ ಅರಣ್ಯ. ಕಾಡು ಕಡಿದು, ಬೇರು ಕಿತ್ತು ಗದ್ದೆ ಮಾಡಿದ ಕತೆಯನ್ನು ಅಜ್ಜಂದಿರು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ಯಾವ ಮರ, ಎಷ್ಟು ಆಳು, ಯಾವ ವರ್ಷ, ಎಲ್ಲ ನೆನಪು. ನನ್ನ ಕೆಲಸಕ್ಕೆ ಅದು ಬಂಗಾರ. ಆದರೆ ಅದೇ ಮಾತನ್ನು ಬೇರೆ ಕಿವಿ ಕೇಳಿದರೆ?

2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ, ಅದರಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಹಕ್ಕು ಕೇಳಬೇಕಾದರೆ 13 ಡಿಸೆಂಬರ್ 2005ಕ್ಕಿಂತ ಮೊದಲಿನ ಮೂರು ತಲೆಮಾರು ಅಲ್ಲಿದ್ದೆವು ಅಂತ ತೋರಿಸಬೇಕು. ಕಾಯ್ದೆಯ ಲೆಕ್ಕದಲ್ಲಿ ಒಂದು ತಲೆಮಾರು ಅಂದರೆ 25 ವರ್ಷ, ಮೂರು ಸೇರಿ 75. ಅಂದರೆ 1930ರಿಂದ ಇರಬೇಕು. ನೀವು ರೆಕಾರ್ಡಿನಲ್ಲಿ ‘ನಾವು ಇಲ್ಲಿಗೆ ಬಂದದ್ದು 62ನೇ ಇಸವಿಯಲ್ಲಿ’ ಅಂತ ಹೇಳಿದಿರಿ ಅಂದುಕೊಳ್ಳಿ. ನಿಮ್ಮ ಮಗ ಅರ್ಜಿ ಹಾಕಿದ್ದರೆ, ಅದಕ್ಕೆ ಎದುರಾಗಿ ನಿಮ್ಮದೇ ಧ್ವನಿ ಇರುತ್ತದೆ. ನಿಮ್ಮನ್ನು ಎಬ್ಬಿಸಿದ್ದು ಸರ್ಕಾರವೇ, ಹಾಗಿರುವಾಗ 1930ರಿಂದ ಇಲ್ಲಿರಿ ಅಂದರೆ ಹೇಗೆ ಅಂತ ನಿಮಗೆ ಸಿಟ್ಟು ಬರಬಹುದು. ನನಗೂ ಬರುತ್ತದೆ. ಆದರೆ ನಿಯಮ ಹಾಗಿದೆ.

ಅದಕ್ಕೆ ಹೀಗೆ ಮಾಡುತ್ತೇನೆ. ಮಾತು ಶುರುವಾಗುವ ಮೊದಲೇ, ರೆಕಾರ್ಡರ್ ಆಫ್ ಇರುವಾಗ, ‘ಜಮೀನಿನ ಅರ್ಜಿ, ಕೇಸು ಏನಾದರೂ ನಡೆಯುತ್ತಿದೆಯಾ?’ ಅಂತ ಕೇಳುತ್ತೇನೆ. ಇದೆ ಅಂದರೆ, ಅದನ್ನು ನೋಡಿಕೊಳ್ಳುತ್ತಿರುವ ಮಗನೋ ಮಗಳೋ ವಕೀಲರೋ ಅವರನ್ನು ಕೇಳಿಕೊಂಡು ಬನ್ನಿ ಅನ್ನುತ್ತೇನೆ. ಆಮೇಲೆ ಮೂರು ದಾರಿ. ಹಳೆ ಊರಿನ ಕತೆ ಮಾತ್ರ ಹೇಳಬಹುದು, ಹೊಸ ಊರಿಗೆ ಬಂದದ್ದನ್ನು ಬಿಡಬಹುದು. ಅಥವಾ ಎಲ್ಲ ಹೇಳಿ, ಆ ಭಾಗವನ್ನು ಮುಚ್ಚಿಡಿ ಅನ್ನಬಹುದು, ಆದರೆ ಮುಚ್ಚಿಡುವುದಕ್ಕೂ ಒಂದು ಮಿತಿ ಇದೆ, ಅದನ್ನು ಮುಂದೆ ಹೇಳಿದ್ದೇನೆ. ಕೇಸು ಮುಗಿಯುವವರೆಗೆ ರೆಕಾರ್ಡಿಂಗೇ ಬೇಡ ಅಂದರೂ ಸರಿ. ನನ್ನನ್ನು ಕೇಳಿದರೆ ಮೊದಲ ದಾರಿಯೇ ವಾಸಿ. ರೆಕಾರ್ಡೇ ಆಗದ ಮಾತನ್ನು ಯಾರೂ ಹೊರಗೆಳೆಯಲು ಆಗುವುದಿಲ್ಲ.

ಕೆಲವರು ಉಲ್ಟಾನೂ ಕೇಳುತ್ತಾರೆ: ‘ನಿಮ್ಮ ರೆಕಾರ್ಡಿಂಗನ್ನೇ ಸಾಕ್ಷಿಯಾಗಿ ಕೊಡಬಹುದಾ?’ ಆ ಕಾಯ್ದೆಯ ನಿಯಮದಲ್ಲಿ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಪುರಾವೆ. ಆದರೆ ಅದನ್ನು ಆ ಕೆಲಸಕ್ಕಾಗಿಯೇ ಬರೆಸಬೇಕು. ನಾನು ಕೂತು ಕೇಳಿದ ಕತೆ ಅದರ ಬದಲಿಗೆ ನಿಲ್ಲುತ್ತದೆ ಅಂತ ನಂಬಬೇಡಿ.

ಗೇಣಿ, ಒಡೆಯರು, ಪರಿಹಾರ ತಿಂದವರು... ಇದನ್ನೆಲ್ಲ ಹೇಳಿದರೆ ಊರಿನಲ್ಲಿ ಜಗಳ ಆಗಲ್ವಾ?

ನಿಮ್ಮ ಒಪ್ಪಿಗೆ ನಿಮ್ಮ ಕತೆಗೆ ಮಾತ್ರ. ಕತೆಯೊಳಗೆ ಬರುವ ಇನ್ನೊಬ್ಬರು ಒಪ್ಪಿಗೆ ಕೊಟ್ಟಿರುವುದಿಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆ ಅದರ ಒಂದು ಮುಖ್ಯ ತಕರಾರು. ಅಳೆದು ಕೊಟ್ಟವರ ಮೊಮ್ಮಕ್ಕಳು, ಅಳೆಸಿಕೊಂಡವರ ಮೊಮ್ಮಕ್ಕಳು ಈಗ ಒಂದೇ ಸೊಸೈಟಿಯಲ್ಲಿ ಸಾಲ ತೆಗೆಯುತ್ತಾರೆ, ಒಂದೇ ಬಸ್ಸಿನಲ್ಲಿ ಸಾಗರಕ್ಕೆ ಹೋಗುತ್ತಾರೆ. ಹಾಗಂತ ಆ ಕತೆ ಹೇಳಬಾರದು ಅಂತಲ್ಲ. ಹೇಳಿ. ಹೆಸರನ್ನು ಏನು ಮಾಡುವುದು ಅಂತ ಆಮೇಲೆ ಕೂತು ನೋಡೋಣ.

ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಆ ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಗಂಡನ ಮನೆಯ ಮೆತ್ತು, ಕೊಟ್ಟಿಗೆ, ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದದ್ದು, ಎಲ್ಲ ಹೇಳಿದರು. ನಡುವೆ, ಪರಿಹಾರದ ದುಡ್ಡನ್ನು ಮೈದುನ ಒಬ್ಬನೇ ಇಟ್ಟುಕೊಂಡ ಅಂತ ಬಂತು. ಹೆಸರು ಹಿಡಿದೇ ಹೇಳಿದರು. ಅತ್ತರು. ಹದಿನೈದು ದಿನ ಬಿಟ್ಟು ಹೋಗಿ ಪೂರ್ತಿ ಕೇಳಿಸಿದೆ. ಆ ಜಾಗ ಬಂದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ‘ಇದು ಬೇಡ. ಅವನ ಮಗಳು ನಮ್ಮ ಮನೆಗೆ ಹಬ್ಬಕ್ಕೆ ಬರುತ್ತಾಳೆ’ ಅಂದರು. ಅಳಿಸಿಬಿಡಲೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಳಿಸಬೇಡ. ನಡೆದದ್ದು ಸುಳ್ಳಲ್ಲ’ ಅಂದರು.

ಹಾಗಾಗಿ ಎರಡು ಪ್ರತಿ ಮಾಡಿದೆವು. ಮೂಲ ಪ್ರತಿಯಲ್ಲಿ ಒಂದು ಸೆಕೆಂಡೂ ಮುಟ್ಟಿಲ್ಲ. ಅದು 25 ವರ್ಷ ಮುಚ್ಚಿರುತ್ತದೆ. ಕೇಳುಗರ ಪ್ರತಿಯಲ್ಲಿ ಆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಇಲ್ಲ. ಅಲ್ಲಿ ನನ್ನ ಧ್ವನಿಯಲ್ಲಿ ‘ಹೇಳಿದವರ ಇಚ್ಛೆಯಂತೆ ಇಲ್ಲಿ ಒಂದು ಭಾಗ ಬಿಟ್ಟಿದೆ’ ಅಂತಿದೆ. ಎಲ್ಲಿಂದ ಎಲ್ಲಿವರೆಗೆ, ಯಾಕೆ, ಯಾವ ದಿನ ತೀರ್ಮಾನಿಸಿದ್ದು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು, ಅವರಿಗೆ ಓದಿ ಹೇಳಿ, ಮೂಲದ ಜೊತೆ ಇಟ್ಟಿದ್ದೇನೆ. ಬಿಟ್ಟಿದ್ದು ಗೊತ್ತೇ ಆಗದ ಹಾಗೆ ಕತ್ತರಿಸಿ ಹೊಲಿಯುವುದು ಮಾತ್ರ ನಾನು ಮಾಡುವುದಿಲ್ಲ. ಮುಂದೆ ಕೇಳುವವರಿಗೆ ಅದು ಮೋಸ.

‘ಹೆಸರು ಬದಲಿಸಿ’ ಅನ್ನುವುದೂ ಒಂದು ದಾರಿ. ಆದರೆ ಸಣ್ಣ ಊರಲ್ಲಿ ಅದು ಅಷ್ಟೇನೂ ನಡೆಯುವುದಿಲ್ಲ. ‘ಹೊಳೆಬದಿಯ ಮನೆಯ ಎರಡನೇ ಸೊಸೆ’ ಅಂದರೆ ಯಾರು ಅಂತ ಇಡೀ ಊರಿಗೆ ಗೊತ್ತು. ಧ್ವನಿ ಕೇಳಿದರಂತೂ ಮುಗಿಯಿತು. ಗುರುತು ಸಿಗಲೇಬಾರದು ಅನ್ನುವವರ ಧ್ವನಿಯನ್ನು ಮುಚ್ಚಿಟ್ಟು, ಬರಹವನ್ನು ಮಾತ್ರ ತಿದ್ದಿ ಕೊಡುತ್ತೇನೆ.

ನಾನು ಸಾಯುವವರೆಗೂ ಯಾರೂ ಕೇಳಬಾರದು. ಮಾತು ಕೊಡುತ್ತೀರಾ?

ಬೀಗ ಹಾಕಿ ಇಡುತ್ತೇನೆ ಅಂತ ಮಾತು ಕೊಡುತ್ತೇನೆ. ಕೋರ್ಟು ಕೇಳಿದರೂ ಕೊಡುವುದಿಲ್ಲ ಅಂತ ಕೊಡಲಾರೆ.

ಇದಕ್ಕೆ ಕಾರಣ ಒಂದು ನಿಜವಾದ ಘಟನೆ. ಉತ್ತರ ಐರ್ಲೆಂಡಿನ ಹಿಂಸಾಚಾರದಲ್ಲಿ ಇದ್ದವರ ಮಾತನ್ನು ಅಮೆರಿಕದ ಬಾಸ್ಟನ್ ಕಾಲೇಜು ದಾಖಲು ಮಾಡಿಸಿತ್ತು. ನೀವು ಸಾಯುವವರೆಗೆ ಹೊರಗೆ ಬರುವುದಿಲ್ಲ ಅಂತ ಅವರಿಗೆ ಹೇಳಲಾಗಿತ್ತು. 2011ರಲ್ಲಿ ಒಂದು ಹಳೆ ಕೊಲೆ ತನಿಖೆಗೆ ಬೆಲ್ಫಾಸ್ಟಿನ ಪೊಲೀಸರು ಆ ಟೇಪು ಬೇಕು ಅಂದರು. ವಿಷಯ ಅಮೆರಿಕದ ಕೋರ್ಟಿಗೆ ಹೋಯಿತು. ಕೊನೆಗೆ ಕೆಲವು ಟೇಪುಗಳನ್ನು ಒಪ್ಪಿಸಬೇಕಾಯಿತು. ಮಾತಾಡಿದವರಲ್ಲಿ ಆಗಲೂ ಬದುಕಿದ್ದವರು ಇದ್ದರು.

ನಮ್ಮೂರಿನ ಗಡಿ ಜಗಳ, ಆಸ್ತಿ ಜಗಳಕ್ಕೂ ಅದಕ್ಕೂ ಹೋಲಿಕೆ ಇಲ್ಲ, ನಿಜ. ಪಾಠ ಮಾತ್ರ ಒಂದೇ. ಹೊರಗೆ ಬಂದರೆ ನಿಮಗೆ ಜೈಲೋ ಜೀವಭಯವೋ ಆಗುವ ಸಂಗತಿಯನ್ನು ರೆಕಾರ್ಡರಿನ ಮುಂದೆ ಹೇಳಬೇಡಿ. ನಾನು ಕೇಳುವುದೂ ಇಲ್ಲ.

ಆಮೇಲೆ ಮನಸ್ಸು ಬದಲಾದರೆ?

ದಾಖಲಾಗಾರಕ್ಕೆ ಕೊಡುವ ಮೊದಲು ಯಾವಾಗ ಬೇಡ ಅಂದರೂ ಅಳಿಸುತ್ತೇನೆ, ಕಾರಣ ಕೇಳುವುದಿಲ್ಲ. ನೀವು ಕೇಳಿಸಿಕೊಂಡ ದಿನದಿಂದ ಅರವತ್ತು ದಿನ ಕಾದೇ ಕೊಡುತ್ತೇನೆ. ಕೊಟ್ಟ ಮೇಲೂ ನೀವು ಹೇಳಿದರೆ ಮುಚ್ಚಿಡಿಸಬಹುದು. ಆದರೆ ಇಂಟರ್ನೆಟ್ಟಿಗೆ ಹೋದದ್ದನ್ನು ಅಷ್ಟರಲ್ಲಿ ಯಾರಾದರೂ ಇಳಿಸಿಕೊಂಡಿದ್ದರೆ, ಅವರ ಫೋನಿನಿಂದ ನಾನು ತೆಗೆಯಲಾರೆ. ಅದಕ್ಕೇ ಪತ್ರದಲ್ಲಿ ‘ದಾಖಲಾಗಾರಕ್ಕೆ ಬಂದು ಕೂತು ಕೇಳುವವರಿಗೆ ಮಾತ್ರ’ ಮತ್ತು ‘ಇಂಟರ್ನೆಟ್ಟಿನಲ್ಲೂ’ ಅಂತ ಎರಡು ಬೇರೆ ಬೇರೆ ಪ್ರಶ್ನೆ ಇಟ್ಟಿದ್ದೇನೆ. ಒಂದಕ್ಕೆ ಹೂಂ ಅಂದು ಇನ್ನೊಂದಕ್ಕೆ ಬೇಡ ಅನ್ನಬಹುದು. ಹೆಚ್ಚಿನವರು ಹಾಗೇ ಮಾಡುತ್ತಾರೆ.

ಅಮ್ಮನಿಗೆ ಈಗ ಮರೆವು. ಹಳೆಯದೆಲ್ಲ ಚೆನ್ನಾಗಿ ನೆನಪಿದೆ, ನಿನ್ನೆಯದು ಇಲ್ಲ. ನಾವೇ ಒಪ್ಪಿಗೆ ಕೊಡಬಹುದಾ?

ನೀವು ಕೊಡುವುದು ಅಮ್ಮನ ಒಪ್ಪಿಗೆಗೆ ಸಮ ಅಲ್ಲ. ಮೊದಲು ನಾನೇ ಬಂದು ರೆಕಾರ್ಡರ್ ಇಲ್ಲದೆ ಒಂದರ್ಧ ಗಂಟೆ ಕೂರುತ್ತೇನೆ. ಪತ್ರ ಓದಿ, ಬೇರೆ ಏನೋ ಮಾತಾಡಿ, ಆಮೇಲೆ ‘ಅಮ್ಮಾ, ನಾನು ಯಾಕೆ ಬಂದಿದ್ದೇನೆ?’ ಅಂತ ಕೇಳುತ್ತೇನೆ. ‘ಹಳೆ ಊರಿನ ಸುದ್ದಿ ತುಂಬಿಕೊಂಡು ಹೋಗಲು’ ಅಂತ ತಮ್ಮ ಮಾತಿನಲ್ಲಿ ಹೇಳಿದರೆ ಸಾಕು. ‘ನೀನು ಆಶಾಳ ಗಂಡ ಅಲ್ವಾ?’ ಅಂದರೆ ಆವತ್ತು ಬೇಡ. ಬೇರೆ ದಿನ ಬೆಳಿಗ್ಗೆ ನೋಡೋಣ, ಮರೆವಿನವರಿಗೆ ಸಂಜೆಗಿಂತ ಬೆಳಿಗ್ಗೆ ವಾಸಿ. ಮೂರು ಸಲ ಹೋದರೂ ಹಾಗೇ ಆದರೆ ಬಿಟ್ಟುಬಿಡುತ್ತೇನೆ. ನಿಮ್ಮ ಮನೆಯವರಿಗಾಗಿ ನೀವು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅದು ನಿಮ್ಮ ಮನೆಯ ವಿಷಯ.

ಅಜ್ಜ ಹೂಂ ಅನ್ನುತ್ತಾರೆ, ಮಗ ಬೇಡ ಅನ್ನುತ್ತಾನೆ.

ತೀರ್ಮಾನ ಅಜ್ಜನದ್ದೇ. ಆದರೂ ಆ ಮಗನ ಜೊತೆ ಒಮ್ಮೆ ಕೂತು ಕಾರಣ ಕೇಳುತ್ತೇನೆ. ಬಹಳ ಸಲ ಅದು ಮೇಲೆ ಹೇಳಿದ ಜಮೀನಿನ ಹೆದರಿಕೆಯೇ ಆಗಿರುತ್ತದೆ. ಉಲ್ಟಾ ಆದರೆ, ಅಂದರೆ ಮಗನಿಗೆ ಆಸೆ, ಅಜ್ಜನಿಗೆ ಬೇಡ, ಆಗ ಮಾತೇ ಇಲ್ಲ.

ನನ್ನ ಧ್ವನಿ ಯಾರದ್ದಾಗುತ್ತದೆ? ನಾಳೆ ಸಿನಿಮಾದವರು ತೆಗೆದುಕೊಂಡರೆ?

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿಸಿದವರದ್ದು, ಪ್ರಕಟವಾದ ಮೇಲೆ 60 ವರ್ಷ. ಅಂದರೆ ಸುಮ್ನೆ ಬಿಟ್ಟರೆ ಅದು ನನ್ನ ಕಡೆಗೇ ಬರುತ್ತದೆ. ಹಾಗಾಗಬಾರದು ಅಂತಲೇ ಪತ್ರದಲ್ಲಿ ಬರೆದಿದ್ದೇನೆ: ಸಿನಿಮಾ, ಧಾರಾವಾಹಿ, ಜಾಹೀರಾತು, ಹೀಗೆ ದುಡ್ಡು ಮಾಡುವ ಯಾವ ಕೆಲಸಕ್ಕೂ ನಿಮ್ಮನ್ನು, ನಿಮ್ಮ ನಂತರ ನೀವು ಹೆಸರಿಸಿದ ಒಬ್ಬರನ್ನು ಕೇಳದೆ ಕೊಡುವುದಿಲ್ಲ. ಆ ಒಬ್ಬರ ಹೆಸರು ಬರೆಯಲು ಜಾಗ ಇದೆ. ದಯವಿಟ್ಟು ಖಾಲಿ ಬಿಡಬೇಡಿ.

ದುಡ್ಡು ಕೊಡುತ್ತೀರಾ?

ಇಲ್ಲ. ದುಡ್ಡು ಬಂದರೆ ಬೇಡ ಅನ್ನುವುದು ಕಷ್ಟವಾಗುತ್ತದೆ, ಕತೆಯೂ ಸ್ವಲ್ಪ ದಪ್ಪವಾಗುತ್ತದೆ. ನಿಮ್ಮ ರೆಕಾರ್ಡಿಂಗಿನ ಪೂರ್ತಿ ಪ್ರತಿ ಪೆನ್‌ಡ್ರೈವಿನಲ್ಲಿ, ಬರಹದ ಪ್ರತಿ ಕಾಗದದಲ್ಲಿ ಕೊಡುತ್ತೇನೆ. ಬರಹಕ್ಕೆ ತಡವಾಗುತ್ತದೆ. ಒಂದು ಗಂಟೆಯ ಮಾತನ್ನು ಬರೆದುಕೊಳ್ಳಲು ನನಗೆ ಆರೇಳು ಗಂಟೆ ಬೇಕು.

ಹಳೆ ಫೋಟೊ, ಪರಿಹಾರದ ಚೀಟಿ ಇವೆ. ಕೊಡಬೇಕಾ?

ಕೊಡಬೇಡಿ, ನನಗೂ ಕೊಡಬೇಡಿ. ‘ನೋಡಿ ಕೊಡ್ತೀನಿ’ ಅಂತ ಒಯ್ದವರಿಂದ ಕಾಗದ ಕಳಕೊಂಡ ಮನೆಗಳು ಬೇಕಾದಷ್ಟಿವೆ. ಜಗಲಿಯ ಬೆಳಕಿನಲ್ಲಿ, ನಿಮ್ಮ ಕಣ್ಣೆದುರೇ ಫೋಟೊ ತೆಗೆದುಕೊಂಡು ಅಲ್ಲೇ ಹಿಂತಿರುಗಿಸುತ್ತೇನೆ. ಸರ್ವೆ ನಂಬರು ಇರುವ ಕಾಗದವನ್ನು ಇಂಟರ್ನೆಟ್ಟಿಗೆ ಹಾಕುವುದಿಲ್ಲ.

ನಮ್ಮ ಮಾತನ್ನು ತಿದ್ದಿ ಬರೆಯುತ್ತೀರಾ? ನಾಚಿಕೆ ಆಗುತ್ತದೆ.

ನೀವು ಆಡಿದ ಹಾಗೇ ಬರೆಯುತ್ತೇನೆ. ದೀವರ ಮನೆಯ ಮಾತು, ಹವ್ಯಕರ ಮಾತು ಯಾವುದನ್ನೂ ಪುಸ್ತಕದ ಕನ್ನಡ ಮಾಡುವುದಿಲ್ಲ. ಒಬ್ಬ ಅಜ್ಜ ಮೈಕ್ ಕಂಡ ಕೂಡಲೇ ಭಾಷಣ ಶುರು ಮಾಡಿದರು, ‘ಮಾನ್ಯರೇ’ ಅಂತ. ಹತ್ತು ನಿಮಿಷ ಬಿಟ್ಟೆ. ಕಾಫಿ ಬಂತು, ಲೋಟದಲ್ಲಿ ಇರುವೆ ಇತ್ತು, ಹೆಂಡತಿಯನ್ನು ಬೈದರು. ಅಲ್ಲಿಂದ ಮಾತು ಸರಿಯಾಯಿತು. ಆ ಬೈಗುಳವನ್ನು ಅವರು ಹೇಳಿದ್ದಕ್ಕೆ ತೆಗೆದಿದ್ದೇನೆ.

ಬೇಡ ಅನ್ನುವುದು ಹೇಗೆ? ಮನೆಗೆ ಬಂದವರ ಮುಖಕ್ಕೆ ಹೇಳಲು ಆಗುವುದಿಲ್ಲ.

ಗೊತ್ತು. ಕಾಫಿ ಕೊಟ್ಟು, ಕವಳ ಕೊಟ್ಟು, ‘ಮುಂದಿನ ವಾರ ನೋಡೋಣ’ ಅನ್ನುತ್ತೀರಿ. ಅದಕ್ಕೇ ಪತ್ರದ ಜೊತೆ ವಿಳಾಸ ಬರೆದ ಒಂದು ಪೋಸ್ಟ್ ಕಾರ್ಡ್ ಇದೆ. ಬನ್ನಿ ಅನ್ನುವುದಾದರೆ ಅದನ್ನು ಹಾಕಿ, ಅಥವಾ ಮಕ್ಕಳಿಂದ ಫೋನು ಮಾಡಿಸಿ. ಬೇಡ ಅನ್ನುವುದಾದರೆ ಏನೂ ಮಾಡಬೇಕಿಲ್ಲ. ಕಾರ್ಡು ಬಾರದ ಮನೆಗೆ ನಾನು ಬರುವುದಿಲ್ಲ, ಎರಡನೇ ಪತ್ರವನ್ನೂ ಹಾಕುವುದಿಲ್ಲ.